ಒಂದೇ ಮೇಲ್, ಎರಡು ಬಗೆಯ ಓದುಗರು

ಕಂಪನಿಯ ತಾಂತ್ರಿಕ ವಿಭಾಗದಿಂದ ಹೊರಡುವ ಮುಖ್ಯವಾದ ಇಮೇಲ್ ಒಬ್ಬರಿಗಾಗಿ ಬರೆದದ್ದಾಗಿರುವುದು ಅಪರೂಪ. ಅದರ ವಿಳಾಸದ ಸಾಲಿನಲ್ಲಿ ಹಣಕಾಸು ನೋಡಿಕೊಳ್ಳುವವರು, ಮಾರಾಟದ ಮುಖ್ಯಸ್ಥರು, ಗ್ರಾಹಕ ಸೇವೆಯವರು ಒಂದು ಕಡೆ ಇದ್ದರೆ, ಆ ವ್ಯವಸ್ಥೆಯನ್ನು ಕಟ್ಟಿದ ಮತ್ತು ನಾಳೆ ಅದನ್ನು ಸರಿಪಡಿಸಬೇಕಾದ ಎಂಜಿನಿಯರುಗಳು ಇನ್ನೊಂದು ಕಡೆ ಇರುತ್ತಾರೆ. ಮೊದಲಿನವರಿಗೆ ಬೇಕಾದದ್ದು ಮೂರೋ ನಾಲ್ಕೋ ಸಂಗತಿ: ಎಷ್ಟು ನಷ್ಟ, ಯಾರಿಗೆ ತೊಂದರೆ, ತಾವೇನು ಮಾಡಬೇಕು, ಎಷ್ಟರೊಳಗೆ. ಎರಡನೆಯವರಿಗೆ ಇದರಿಂದ ಹೊಟ್ಟೆ ತುಂಬುವುದಿಲ್ಲ. ಯಾವ ಸರ್ವಿಸ್, ಯಾವ ಹೊತ್ತಿಗೆ, ಯಾವ ಸೆಟ್ಟಿಂಗ್, ಹೇಳಿದ್ದಕ್ಕೆ ಪುರಾವೆ ಏನು ಎಂದು ಅವರು ಕೇಳುತ್ತಾರೆ.

ಇಬ್ಬರಿಗೂ ಬೇರೆ ಬೇರೆ ಮೇಲ್ ಕಳಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಆದರೆ ಮೊದಲ ಉತ್ತರ ಬಂದ ಕೂಡಲೇ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹಣಕಾಸಿನವರ ಮೇಲ್‌ನಲ್ಲಿ ಗುರುವಾರ ಎಂದಿರುವ ಗಡುವು ಎಂಜಿನಿಯರುಗಳ ಮೇಲ್‌ನಲ್ಲಿ ಶುಕ್ರವಾರಕ್ಕೆ ಜಾರಿರುತ್ತದೆ, ಆ ಬದಲಾವಣೆ ಈಚೆಗೆ ತಲುಪಿರುವುದಿಲ್ಲ. ಆದ್ದರಿಂದ ಅನುಭವಿಗಳು ಒಂದೇ ಮೇಲ್ ಬರೆದು ಅದರೊಳಗೆ ವಿವರವನ್ನು ಪದರ ಪದರವಾಗಿ ಜೋಡಿಸುತ್ತಾರೆ. ಮೇಲಿನ ಪದರ ತೀರ್ಮಾನ ಕೈಗೊಳ್ಳುವವರಿಗೆ, ನಡುವಿನದು ಕಾರಣ ತಿಳಿಯಬೇಕಾದವರಿಗೆ, ಕೆಳಗಿನದು ಕೈಯಾರೆ ಕೆಲಸ ಮಾಡುವವರಿಗೆ. ಪ್ರತಿಯೊಬ್ಬ ಓದುಗನೂ ಮೇಲಿನಿಂದಲೇ ಓದಲು ಶುರುಮಾಡಿ, ತನಗೆ ಸಾಕೆನಿಸಿದ ಕಡೆ ನಿಲ್ಲಬಹುದು.

ಪತ್ರಿಕಾ ವರದಿಗೂ ಇಂಥದೇ ಒಂದು ಕ್ರಮವಿದೆ. ಮುಖ್ಯವಾದದ್ದು ಮೊದಲ ಪ್ಯಾರಾದಲ್ಲಿ ಬರುತ್ತದೆ; ಜಾಗ ಸಾಲದಿದ್ದರೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಅಮೆರಿಕದ ಸೇನೆ ತನ್ನ ಪತ್ರವ್ಯವಹಾರದ ನಿಯಮಾವಳಿಯಲ್ಲೇ ಮುಖ್ಯಾಂಶ ಮೊದಲು ಬರಬೇಕೆಂದು ವಿಧಿಸಿದೆ. ಆದರೆ ಪದರದ ಮೇಲ್ ಇವೆರಡರಿಂದ ಒಂದು ವಿಷಯದಲ್ಲಿ ಬೇರೆ. ವರದಿಯಲ್ಲಿ ಕೆಳಗಿಳಿದಷ್ಟೂ ಮಹತ್ವ ಕಡಿಮೆಯಾಗುತ್ತದೆ. ಇಲ್ಲಿ ಕಡಿಮೆಯಾಗುವುದಿಲ್ಲ, ಓದುಗ ಬದಲಾಗುತ್ತಾನೆ. ತಳದ ಪದರವನ್ನು ಯಾರೂ ಕತ್ತರಿಸುವಂತಿಲ್ಲ, ದುರಸ್ತಿ ನಡೆಯುವುದೇ ಅದನ್ನು ನೋಡಿಕೊಂಡು.

ಇದನ್ನು ಒಂದು ಕಲ್ಪಿತ ಪ್ರಕರಣದ ಮೂಲಕ ನೋಡಬಹುದು. ಮನೆಮನೆಗೆ ಹಾಲು ತಲುಪಿಸುವ ಒಂದು ಆ್ಯಪ್ ಇದೆ. ಗ್ರಾಹಕರು ಅದರ ವಾಲೆಟ್‌ಗೆ ಮುಂಗಡ ಹಣ ಹಾಕಿರುತ್ತಾರೆ. ಪ್ರತಿ ರಾತ್ರಿ 11 ಗಂಟೆಗೆ ಮರುದಿನದ ಹಾಲಿನ ಹಣ ಅದರಿಂದ ಕಡಿತವಾಗುತ್ತದೆ. ವಾಲೆಟ್‌ನಲ್ಲಿ ಉಳಿದ ಹಣ ಒಂದು ಕನಿಷ್ಠ ಮಿತಿಗಿಂತ ಕೆಳಗಿಳಿದರೆ ಆ ಮನೆಯ ಹಾಲು ತಾನಾಗಿ ನಿಲ್ಲುತ್ತದೆ. ಒಂದು ಮಂಗಳವಾರ ರಾತ್ರಿ 1,860 ಗ್ರಾಹಕರಿಗೆ ಎರಡೆರಡು ಬಾರಿ ಕಡಿತವಾಯಿತು. ಬುಧವಾರ ಬೆಳಿಗ್ಗೆ ಈ ಬಗ್ಗೆ ಮೇಲ್ ಬರೆಯಬೇಕಾಗಿದೆ. ಬೆಂಗಳೂರಿನ ಕಂಪನಿಗಳಲ್ಲಿ ಇಂಥ ಮೇಲ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಭಾಷೆ ಯಾವುದಾದರೂ ಕಟ್ಟುವ ಕ್ರಮ ಒಂದೇ.

ಎಂಜಿನಿಯರ್ ಕೈಯಿಂದ ಬರುವ ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ: ‘ಸೋಮವಾರ ಡೇಟಾಬೇಸ್ ಬ್ಯಾಕಪ್‌ನ ಸಮಯವನ್ನು ಬೆಳಗಿನ ಜಾವ 2ರಿಂದ ರಾತ್ರಿ 11ಕ್ಕೆ ಬದಲಿಸಲಾಗಿತ್ತು. ಇದರಿಂದ ವಾಲೆಟ್ ಸರ್ವಿಸ್‌ನ ಪ್ರತಿಕ್ರಿಯೆ ನಿಧಾನವಾಗಿ, ಆರ್ಡರ್ ಸರ್ವಿಸ್‌ನಲ್ಲಿ ಟೈಮ್‌ಔಟ್ ಆಗಿ, ರಿಟ್ರೈ ನಡೆದು...’ ಪತ್ತೆಹಚ್ಚಿದವನು ತಾನು ಹುಡುಕಿದ ಕ್ರಮದಲ್ಲೇ ಕಥೆ ಹೇಳುತ್ತಾನೆ. ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ಹಣಕಾಸಿನ ಮುಖ್ಯಸ್ಥರು ಮೂರನೆಯ ಸಾಲಿಗೆ ಮೇಲ್ ಮುಚ್ಚುತ್ತಾರೆ. ಅವರು ಸಂಜೆಯೊಳಗೆ ಒಪ್ಪಿಗೆ ಕೊಡಬೇಕಿತ್ತು ಎಂಬ ಮಾತು ಹದಿನಾಲ್ಕನೆಯ ಸಾಲಿನಲ್ಲಿರುತ್ತದೆ.

ಪದರದ ಮೇಲ್ ಅನ್ನು ಬರೆಯುವುದು ತಳದಿಂದ, ಓದುವುದು ತಲೆಯಿಂದ. ಮೊದಲು ಪುರಾವೆ, ಅಂಕಿ, ಸಮಯ ಇವೆಲ್ಲವನ್ನೂ ತಳದ ಪದರದಲ್ಲಿ ಬರೆದಿಟ್ಟುಕೊಂಡು, ಅದರಿಂದ ಕಾರಣವನ್ನು ಹೆಕ್ಕಿ ನಡುವಿನ ಪದರ ಮಾಡಿ, ಕೊನೆಗೆ ಮೇಲಿನ ನಾಲ್ಕು ಸಾಲು ಬರೆಯುವುದು ಕ್ಷೇಮ. ಮೇಲಿನದನ್ನೇ ಮೊದಲು ಬರೆದರೆ ಊಹೆಯೂ ಆಸೆಯೂ ಅದರಲ್ಲಿ ಸೇರಿಕೊಳ್ಳುತ್ತವೆ. ‘ಕೆಲವೇ ಗ್ರಾಹಕರಿಗೆ ತೊಂದರೆಯಾಗಿದೆ’ ಎಂದು ಬರೆದಾಗಿರುತ್ತದೆ, ಎಣಿಕೆ ಮಾತ್ರ ಇನ್ನೂ ಮುಗಿದಿರುವುದಿಲ್ಲ.

ಹಾಲಿನ ಪ್ರಕರಣದ ಮೇಲಿನ ಪದರ ಹೀಗಿರಬಹುದು. ವಿಷಯದ ಸಾಲು: ‘ಇಂದು 4ರೊಳಗೆ ಒಪ್ಪಿಗೆ ಬೇಕು: 1,860 ಗ್ರಾಹಕರಿಗೆ ಎರಡು ಬಾರಿ ಹಣ ಕಡಿತ’. ಅದರ ಕೆಳಗೆ: ‘ನಿನ್ನೆ ರಾತ್ರಿ 1,860 ಗ್ರಾಹಕರ ವಾಲೆಟ್‌ನಿಂದ ಹಾಲಿನ ಹಣ ಎರಡು ಬಾರಿ ಕಡಿತವಾಗಿದೆ. ಹೆಚ್ಚುವರಿ ಮೊತ್ತ ಒಟ್ಟು 1,41,360 ರೂಪಾಯಿ. ಇವರಲ್ಲಿ 214 ಮಂದಿಯ ವಾಲೆಟ್ ಕನಿಷ್ಠ ಮಿತಿಗಿಂತ ಕೆಳಗಿಳಿದಿರುವುದರಿಂದ, ಇಂದು ರಾತ್ರಿ 9ರೊಳಗೆ ಹಣ ವಾಪಸ್ ಹಾಕದಿದ್ದರೆ ನಾಳೆ ಅವರ ಮನೆಗೆ ಹಾಲು ಹೋಗುವುದಿಲ್ಲ. ಹಣಕಾಸು ವಿಭಾಗದ ಲೆಕ್ಕ ತಾಳೆಯಾಗುವವರೆಗೆ ಕಾಯದೆ ವಾಪಸ್ ಹಾಕಲು ಸಂಜೆ 4ರೊಳಗೆ ಒಪ್ಪಿಗೆ ಬೇಕು. ಇಂದು ರಾತ್ರಿ ಹೀಗಾಗದಂತೆ ತಾತ್ಕಾಲಿಕ ತಡೆ ಹಾಕಿದ್ದೇವೆ, ಪೂರ್ಣ ದುರಸ್ತಿ ಗುರುವಾರ ಮುಗಿಯುತ್ತದೆ. ಈ ಎಣಿಕೆ ನಿನ್ನೆ ರಾತ್ರಿಯದು ಮಾತ್ರ. ಸೋಮವಾರವೂ ಹೀಗಾಗಿತ್ತೇ ಎಂಬುದು ನಾಳೆ ಮಧ್ಯಾಹ್ನ ತಿಳಿಯುತ್ತದೆ.’

ಇಲ್ಲಿ ಟೈಮ್‌ಔಟ್, ಸರ್ವಿಸ್, ಇಂಡೆಕ್ಸ್ ಯಾವುದೂ ಇಲ್ಲ. ಗಡುವಿಗೆ ಕಾರಣ ಇದೆ. ಬರೀ ‘ತುರ್ತು’ ಎಂದಿದ್ದರೆ ಓದುವವರು ಅದನ್ನು ಉಳಿದ ಹತ್ತು ತುರ್ತುಗಳ ಸಾಲಿಗೆ ಸೇರಿಸುತ್ತಿದ್ದರು. ಕೇಳಿರುವ ಒಪ್ಪಿಗೆಯೂ ಒಂದೇ ಪದದಲ್ಲಿ ಕೊಡುವಂಥದು. ವಿಷಯದ ಸಾಲಿನಲ್ಲಿ ಕೋರಿಕೆ ಮೊದಲು, ಘಟನೆ ಆಮೇಲೆ ಬಂದಿರುವುದಕ್ಕೂ ಕಾರಣವುಂಟು: ಮೊಬೈಲ್ ಪರದೆಯಲ್ಲಿ ಉದ್ದನೆಯ ವಿಷಯದ ಸಾಲಿನ ಬಾಲ ಕಾಣುವುದಿಲ್ಲ.

ನಡುವಿನ ಪದರಕ್ಕೆ ಓದುಗರು ಗ್ರಾಹಕ ಸೇವೆಯ ಮುಖ್ಯಸ್ಥರು, ಉತ್ಪನ್ನ ನೋಡಿಕೊಳ್ಳುವ ಮ್ಯಾನೇಜರ್, ಬೇರೆ ತಂಡದ ಎಂಜಿನಿಯರುಗಳು. ಏನಾಯಿತೆಂದು ಇವರು ಇನ್ನೊಬ್ಬರಿಗೆ ವಿವರಿಸಬೇಕಾಗುತ್ತದೆ. ‘ಹಣ ಕಡಿತ ಮಾಡು ಎಂದು ಆರ್ಡರ್ ವ್ಯವಸ್ಥೆ ವಾಲೆಟ್ ವ್ಯವಸ್ಥೆಗೆ ಕೋರಿಕೆ ಕಳಿಸಿ 5 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕಡಿತ ಆಗಲಿಲ್ಲವೆಂದು ಭಾವಿಸಿ ಇನ್ನೊಮ್ಮೆ ಕೋರುತ್ತದೆ. ನಿನ್ನೆ ಅದೇ ಹೊತ್ತಿಗೆ ಬ್ಯಾಕಪ್ ನಡೆಯುತ್ತಿದ್ದುದರಿಂದ ವಾಲೆಟ್ ನಿಧಾನವಾಯಿತು. ಮೊದಲ ಕೋರಿಕೆಯ ಕಡಿತ ನಿಜವಾಗಿ ಆಗಿತ್ತು, ಉತ್ತರ ಮಾತ್ರ ತಡವಾಯಿತು. ಎರಡನೆಯ ಕೋರಿಕೆಯೂ ಅದೇ ಆರ್ಡರಿನದು ಎಂದು ಗುರುತಿಸುವ ಏರ್ಪಾಡು ವಾಲೆಟ್‌ನಲ್ಲಿ ಇಲ್ಲ. ಹಾಗಾಗಿ ಮತ್ತೆ ಕಡಿತವಾಯಿತು.’ ಇದರ ಜೊತೆಗೆ ತಾತ್ಕಾಲಿಕ ತಡೆಯ ಬೆಲೆಯನ್ನೂ ಹೇಳಬೇಕು: ‘ಎರಡನೆಯ ಪ್ರಯತ್ನವನ್ನು ನಿಲ್ಲಿಸಿರುವುದರಿಂದ ಇಂದು ರಾತ್ರಿ ಕೆಲವರಿಗೆ ಕಡಿತವೇ ಆಗದೆ ಹೋಗಬಹುದು. ಅವರಿಗೂ ಹಾಲು ಹೋಗುತ್ತದೆ, ಹಣವನ್ನು ಬೆಳಿಗ್ಗೆ ಕೈಯಿಂದಲೇ ಕಡಿತ ಮಾಡುತ್ತೇವೆ.’

ಈ ಪದರದಲ್ಲಿ ಹೋಲಿಕೆ ಹುಡುಕುವ ಆಸೆ ಹಲವರಿಗೆ. ಬ್ಯಾಂಕ್ ಕೌಂಟರು, ಹೋಟೆಲಿನ ಬಿಲ್ಲು, ಟ್ರಾಫಿಕ್ ಸಿಗ್ನಲ್ಲು ಎಲ್ಲವೂ ಬರುತ್ತವೆ. ಬೇಡವೆನ್ನುವುದೇ ಮೇಲು. ಯಾವುದು ಯಾವುದಕ್ಕೆ ಏನು ಕೇಳಿತು, ಏನಾಯಿತು ಎಂಬುದನ್ನು ಸರಿಯಾದ ಕ್ರಮದಲ್ಲಿ ಹೇಳಿದರೆ ಹೋಲಿಕೆಯಿಲ್ಲದೆಯೇ ಅರ್ಥವಾಗುತ್ತದೆ. ಹೋಲಿಕೆ ಕೊಟ್ಟರೆ ಎಂಜಿನಿಯರುಗಳು ಅದು ಎಲ್ಲಿ ಹೊಂದುವುದಿಲ್ಲ ಎಂದು ಚರ್ಚಿಸಲು ಶುರುಮಾಡುತ್ತಾರೆ.

ತಳದ ಪದರಕ್ಕೆ ‘ತಾಂತ್ರಿಕ ವಿವರ’ ಎಂಬ ಶೀರ್ಷಿಕೆ ಸಾಕು. ಇಲ್ಲಿ ಸರಳಗೊಳಿಸುವ ಅಗತ್ಯವಿಲ್ಲ. ವಾಲೆಟ್ ಸರ್ವಿಸ್ ಸಾಮಾನ್ಯವಾಗಿ 300 ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ. 11:04ರಿಂದ 11:19ರವರೆಗೆ 6ರಿಂದ 8 ಸೆಕೆಂಡ್ ತೆಗೆದುಕೊಂಡಿತು. ಟೈಮ್‌ಔಟ್ 5 ಸೆಕೆಂಡ್, ರಿಟ್ರೈ ಒಂದೇ ಬಾರಿ. ಆದ್ದರಿಂದ ಯಾರಿಗೂ ಮೂರು ಬಾರಿ ಕಡಿತವಾಗಿಲ್ಲ. ಮೇಲೆ ಹೇಳಿದ 1,860 ಬಂದದ್ದು ಎಲ್ಲಿಂದ ಎಂಬುದಕ್ಕೂ ಉತ್ತರ ಇಲ್ಲಿರಬೇಕು. ಎಣಿಸಲು ಬಳಸಿದ ಕ್ವೆರಿಯನ್ನೇ ಅಂಟಿಸಿದರೆ ಯಾರು ಬೇಕಾದರೂ ಅದನ್ನು ಓಡಿಸಿ ನೋಡಬಹುದು. ದಿನಾಂಕದ ಷರತ್ತನ್ನು ಬಿಟ್ಟರೆ ಅದು ಇಷ್ಟೇ:

```
SELECT order_id, COUNT(*)
FROM wallet_debits
GROUP BY order_id
HAVING COUNT(*) > 1;
```

ದುರಸ್ತಿಯ ವಿಷಯದಲ್ಲಿ ಎಂಜಿನಿಯರುಗಳು ಕೇಳುವ ಮೊದಲ ಪ್ರಶ್ನೆಯನ್ನು ಊಹಿಸುವುದು ಕಷ್ಟವಲ್ಲ: ‘ಒಂದು ಆರ್ಡರಿಗೆ ಒಂದೇ ಕಡಿತ ಎಂಬ ನಿಯಮವನ್ನು ಡೇಟಾಬೇಸಿನಲ್ಲೇ ಹಾಕಿದರೆ ಇವತ್ತೇ ಮುಗಿಯುತ್ತದಲ್ಲ, ಗುರುವಾರದವರೆಗೆ ಯಾಕೆ?’ ಟೇಬಲ್ಲಿನಲ್ಲಿ ಈಗಾಗಲೇ ಜೋಡಿ ದಾಖಲೆಗಳಿವೆ. ಅವು ಇರುವಾಗ `order_id` ಮೇಲೆ ಯೂನಿಕ್ ಇಂಡೆಕ್ಸ್ ಹಾಕಲು ಹೋದರೆ ಡೇಟಾಬೇಸ್ ನಿರಾಕರಿಸುತ್ತದೆ. ಅವನ್ನು ಅಳಿಸುವಂತೆಯೂ ಇಲ್ಲ, ಅವು ಹಣದ ಲೆಕ್ಕ. ಆದ್ದರಿಂದ `request_key` ಎಂಬ ಹೊಸ ಕಾಲಂ ಸೇರಿಸಿ ಅದರ ಮೇಲೆ ಇಂಡೆಕ್ಸ್ ಹಾಕಬೇಕು. ಹಳೆಯ ದಾಖಲೆಗಳಲ್ಲಿ ಆ ಕಾಲಂ ಖಾಲಿ ಇರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಖಾಲಿ ಬೆಲೆಗಳು ಸಾಮಾನ್ಯವಾಗಿ ಒಂದಕ್ಕೊಂದು ಸಮವೆಂದು ಪರಿಗಣಿತವಾಗದ ಕಾರಣ ತಕರಾರು ಬರುವುದಿಲ್ಲ.

```
CREATE UNIQUE INDEX CONCURRENTLY uq_debit_key
ON wallet_debits (request_key);
```

`CONCURRENTLY` ಇಲ್ಲದೆ ಇದನ್ನು ಓಡಿಸಿದರೆ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಟೇಬಲ್ಲಿಗೆ ಹೊಸ ಕಡಿತ ಬರೆಯಲಾಗುವುದಿಲ್ಲ. ಕೋಡ್ ಬದಲಾವಣೆಯಲ್ಲಿ ಒಂದು ಸೂಕ್ಷ್ಮವೂ ಇದೆ: ಈ ಕೀ ಆರ್ಡರಿನ ಜೊತೆಗೇ ಹುಟ್ಟಬೇಕು. ಪ್ರತಿ ಪ್ರಯತ್ನಕ್ಕೂ ಹೊಸ ಕೀ ಹುಟ್ಟಿಸಿದರೆ ಎರಡನೆಯ ಕೋರಿಕೆ ಹೊಸದಾಗಿಯೇ ಕಾಣುತ್ತದೆ, ದುರಸ್ತಿ ಇದ್ದೂ ಇಲ್ಲದಂತೆ. ಕಾಲಂ ಸೇರಿಸುವುದು, ಎರಡು ಸರ್ವಿಸ್‌ಗಳಲ್ಲಿ ಕೋಡ್ ಬದಲಿಸುವುದು, ಪರೀಕ್ಷಿಸುವುದು ಇಷ್ಟೂ ಸೇರಿ ಗುರುವಾರ. ಮೇಲಿನ ಪದರದಲ್ಲಿ ಒಂದೇ ಪದವಾಗಿದ್ದ ಗುರುವಾರಕ್ಕೆ ತಳದಲ್ಲಿ ಇಷ್ಟು ಬೇರು.

ಮೇಲೆ ಬರುವ ಪ್ರತಿ ಅಂಕಿಗೂ ಪ್ರತಿ ಭರವಸೆಗೂ ಕೆಳಗೆ ಹೀಗೆ ಬೇರು ಇರಬೇಕು ಎನ್ನುವುದು ಪದರಗಳ ನಡುವಿನ ಒಂದು ನಿಯಮ. ಅಂಕಿ ಎರಡೂ ಕಡೆ ಒಂದೇ ಇರಬೇಕು. ಮೇಲೆ ‘ಸುಮಾರು 2,000’ ಎಂದು, ಕೆಳಗೆ 1,860 ಎಂದು ಬರೆದರೆ ಇದು ಅದೇ ಲೆಕ್ಕವೋ ಬೇರೆಯೋ ಎಂದು ಕೇಳಲು ಯಾರಾದರೂ ಒಬ್ಬರು ಫೋನ್ ಮಾಡಿಯೇ ಮಾಡುತ್ತಾರೆ.

ಇನ್ನೊಂದು ನಿಯಮ ಇದಕ್ಕಿಂತ ಕಷ್ಟದ್ದು. ವಿವರ ಕೆಳಗಿಳಿಯಬಹುದು, ಅನುಮಾನ ಇಳಿಯಬಾರದು. ತಳದಲ್ಲಿ ‘ಹಿಂದಿನ ದಿನಗಳನ್ನು ಇನ್ನೂ ಪರಿಶೀಲಿಸಿಲ್ಲ’ ಎಂದು ಬರೆದು ಮೇಲೆ ಬರೀ ‘1,860 ಗ್ರಾಹಕರು’ ಎಂದು ನಿಲ್ಲಿಸಿದರೆ, ಮೇಲನ್ನಷ್ಟೇ ಓದಿದವರಿಗೆ ಸಿಗುವುದು ಚಿಕ್ಕ ಸತ್ಯವಲ್ಲ, ಬೇರೆಯೇ ಒಂದು ಚಿತ್ರ. ಹಣಕಾಸಿನವರು 1,41,360 ರೂಪಾಯಿಯನ್ನು ಅಂತಿಮ ಲೆಕ್ಕವೆಂದು ಬರೆದುಕೊಳ್ಳುತ್ತಾರೆ. ಈ ಕಾರಣಕ್ಕೇ ಮೇಲಿನ ಪದರದ ಕೊನೆಯ ಎರಡು ವಾಕ್ಯಗಳು ಅಲ್ಲಿರಬೇಕಾಯಿತು.

ಈ ನಿಯಮ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಕೊಲಂಬಿಯಾ ನೌಕೆಯ ತನಿಖೆಯಲ್ಲಿದೆ. ಅದು ಇಮೇಲ್ ಅಲ್ಲ, ಪ್ರದರ್ಶನದ ಸ್ಲೈಡ್. ಆದರೆ ಅಲ್ಲಿಯೂ ಇದ್ದದ್ದು ಎಂಜಿನಿಯರುಗಳು ವ್ಯವಸ್ಥಾಪಕರಿಗೆ ಪದರಗಳಲ್ಲಿ ವಿಷಯ ತಿಳಿಸುವ ಕೆಲಸವೇ. 2003ರ ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ಹಾನಿಯಾಗಿರಬಹುದೇ ಎಂದು ಬೋಯಿಂಗ್ ಎಂಜಿನಿಯರುಗಳು ವಿಶ್ಲೇಷಿಸಿ ನಾಸಾಗೆ ವರದಿ ಕೊಟ್ಟರು. ಅದರ ಒಂದು ಮುಖ್ಯ ಸ್ಲೈಡಿನ ಶೀರ್ಷಿಕೆ, ಪರೀಕ್ಷೆಯ ದತ್ತಾಂಶ ನೋಡಿದರೆ ಲೆಕ್ಕಾಚಾರ ಸುರಕ್ಷಿತ ಬದಿಯಲ್ಲೇ ಇದೆ ಎಂಬ ಅರ್ಥ ಕೊಡುವಂತಿತ್ತು. ಅದರ ಕೆಳಗೆ ಉಪಾಂಶ, ಉಪಾಂಶದ ಉಪಾಂಶ ಎಂದು ಹಲವು ಹಂತ. ತಳದ ಹಂತದಲ್ಲಿ, ಚಿಕ್ಕ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರ 1,920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ ಎಂದಿತ್ತು. ಅಂದರೆ ವಿಶ್ಲೇಷಣೆಗೆ ಆಧಾರವಾಗಿದ್ದ ತುಂಡಿಗಿಂತ ನಿಜವಾದ ತುಂಡು 640 ಪಟ್ಟು ದೊಡ್ಡದು. ಆ ಪರೀಕ್ಷೆಗಳಿಂದ ಈ ಹೊಡೆತದ ಬಗ್ಗೆ ಹೆಚ್ಚೇನೂ ಹೇಳಲಾಗದು ಎನ್ನುವುದು ಶೀರ್ಷಿಕೆಯಾಗಬೇಕಿತ್ತು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಸ್ಲೈಡಿನ ಈ ಜೋಡಣೆಯನ್ನು ಬಿಡಿಸಿ ತೋರಿಸಿದವರು ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿ. ಅದೇ ವರ್ಷದ ತನಿಖಾ ಮಂಡಳಿಯ ವರದಿ ಅವರ ವಿಶ್ಲೇಷಣೆಯನ್ನು ಒಳಗೊಂಡಿದೆ. ದುರಂತಕ್ಕೆ ಸ್ಲೈಡೊಂದೇ ಕಾರಣವೆಂದು ಹೇಳಲಾಗದು, ವರದಿಯೂ ಹಾಗೆನ್ನುವುದಿಲ್ಲ. ಆದರೆ ಆ ಸ್ಲೈಡಿನಲ್ಲಿ ಸುಳ್ಳಿನ ಅಂಕಿ ಒಂದೂ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಎಲ್ಲವೂ ಇತ್ತು, ತಲೆಯಲ್ಲಿರಬೇಕಾದದ್ದು ಕಾಲಬುಡದಲ್ಲಿತ್ತು.

ಬರೆದ ಮೇಲ್ ಸರಿಯಾಗಿದೆಯೇ ಎಂದು ಕಳಿಸುವ ಮೊದಲೇ ನೋಡಬಹುದು. ಮೇಲಿನ ಪದರವನ್ನಷ್ಟೇ ಉಳಿಸಿ, ಕೆಳಗಿನದೆಲ್ಲ ಅಳಿಸಿಹೋಗಿದೆ ಎಂದುಕೊಂಡು ಓದಬೇಕು. ಆಗಲೂ ತೀರ್ಮಾನ ಕೈಗೊಳ್ಳಲು ಸಾಧ್ಯವೇ? ‘ವಿವರ ಕೆಳಗಿದೆ, ದಯವಿಟ್ಟು ಗಮನಿಸಿ’ ಎಂಬಂಥ ಪದರ ಈ ಪರೀಕ್ಷೆಯಲ್ಲಿ ಕೂಡಲೇ ಬಿದ್ದುಹೋಗುತ್ತದೆ, ಅದು ಪದರವೇ ಅಲ್ಲ, ಬಾಗಿಲಿನ ಫಲಕ. ಕಳಿಸಿದ ಮೇಲೆ ಬರುವ ಉತ್ತರಗಳೂ ದೋಷ ಎಲ್ಲಿದೆ ಎಂದು ತೋರಿಸುತ್ತವೆ. ಹಣಕಾಸಿನವರು ‘ಸರಿ, ಈಗ ನಾವೇನು ಮಾಡಬೇಕು?’ ಎಂದು ಕೇಳಿದರೆ ತಪ್ಪು ಮೇಲಿನ ಪದರದ್ದು. ಗ್ರಾಹಕ ಸೇವೆಯವರು ‘ಫೋನ್ ಮಾಡಿದವರಿಗೆ ಏನು ಹೇಳಲಿ?’ ಎಂದರೆ ನಡುವಿನದು ತೆಳುವಾಗಿದೆ. ‘ಯಾವ ಟೇಬಲ್? ಲಾಗ್ ಎಲ್ಲಿದೆ?’ ಎಂದು ಎಂಜಿನಿಯರ್ ಕೇಳಿದರೆ ತಳ ಸಾಲದು.

ಇಮೇಲ್ ಎಂಬ ಮಾಧ್ಯಮದ ಕೆಲವು ಮಿತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವೆಬ್ ಪುಟದಲ್ಲಿ ಕ್ಲಿಕ್ ಮಾಡಿದರೆ ಬಿಚ್ಚಿಕೊಳ್ಳುವ ವಿವರಗಳನ್ನು ಇಡಬಹುದು. ಎಲ್ಲ ಮೇಲ್ ಪ್ರೋಗ್ರಾಂಗಳಲ್ಲೂ ಅದು ಕೆಲಸ ಮಾಡುವುದೆಂದು ನಂಬುವಂತಿಲ್ಲ. ಹಾಗಾಗಿ ಪದರಗಳನ್ನು ಬೇರ್ಪಡಿಸಲು ಉಳಿಯುವುದು ಕ್ರಮ, ಶೀರ್ಷಿಕೆ ಮತ್ತು ಖಾಲಿ ಸಾಲು. ಜಿಮೇಲ್ ಸುಮಾರು 102 ಕಿಲೋಬೈಟ್ ಮೀರಿದ ಸಂದೇಶದ ಬಾಲವನ್ನು ಮರೆಮಾಡಿ, ಪೂರ್ತಿ ನೋಡಲು ಕೊಂಡಿ ಕೊಡುತ್ತದೆ. ಸಾವಿರಾರು ಸಾಲಿನ ಲಾಗ್ ಅಂಟಿಸಿದರೆ ಅದರ ನಂತರ ಬರೆದದ್ದನ್ನು ಯಾರೂ ನೋಡದೇ ಹೋಗಬಹುದು. ಲಾಗ್, 1,860 ಆರ್ಡರುಗಳ ಪಟ್ಟಿ, ದುರಸ್ತಿಯ ಪೂರ್ಣ ವಿನ್ಯಾಸ ಇವು ಕೊಂಡಿಯಾಗಿ ಹೋಗಬೇಕಾದವು. ಆದರೆ ತೀರ್ಮಾನಕ್ಕೆ ಬೇಕಾದ ಯಾವುದೂ ಕೊಂಡಿಯ ಆಚೆ ಇರಬಾರದು. ಮುಖ್ಯಸ್ಥರು ಪ್ರಯಾಣದಲ್ಲಿ ಫೋನಿನಲ್ಲಿ ಓದುತ್ತಿರುತ್ತಾರೆ, ಕೊಂಡಿ ಒತ್ತಿದರೆ ಅನುಮತಿ ಇಲ್ಲ ಎಂದು ಬರುತ್ತದೆ, ನಾಲ್ಕು ಗಂಟೆ ದಾಟುತ್ತದೆ.

ಎಲ್ಲ ಸಂದರ್ಭಕ್ಕೂ ಈ ಕ್ರಮ ಒಗ್ಗುವುದಿಲ್ಲ. ವ್ಯವಸ್ಥೆ ಇನ್ನೂ ಕುಸಿದೇ ಇರುವಾಗ ಅರ್ಧ ಗಂಟೆಗೊಮ್ಮೆ ಎರಡು ಸಾಲಿನ ಸುದ್ದಿ ಸಾಕು, ತಳದ ಪದರ ಬರೆಯುತ್ತ ಕೂರುವ ಹೊತ್ತು ಅದಲ್ಲ. ಭದ್ರತಾ ಲೋಪವಾದರೆ ಅದನ್ನು ಬಳಸಿಕೊಳ್ಳುವ ವಿಧಾನ ತಳದ ಪದರದಲ್ಲಿ ಬರೆದು ನಲವತ್ತು ಜನರಿಗೆ ಕಳಿಸುವಂತಿಲ್ಲ, ಅದು ಬೇಕಾದವರಿಗಷ್ಟೇ ಪ್ರತ್ಯೇಕವಾಗಿ ಹೋಗಬೇಕು. ಗ್ರಾಹಕರ ಹೆಸರು, ಫೋನ್ ಸಂಖ್ಯೆ ಯಾವ ಪದರದಲ್ಲೂ ಬೇಡ, ಮೇಲ್ ಎಲ್ಲಿಗೆಲ್ಲ ಫಾರ್ವರ್ಡ್ ಆಗುತ್ತದೆಂದು ಬರೆದವರಿಗೆ ಗೊತ್ತಿರುವುದಿಲ್ಲ.

ಮರುದಿನದ ಮೇಲ್ ಕೂಡ ಇದೇ ಸರಣಿಯಲ್ಲಿ ಹೋಗಬೇಕು, ಆದರೆ ಮೇಲಿನ ಪದರ ಹೊಸದಾಗಿರಬೇಕು. ಪರಿಶೀಲಿಸಿದಾಗ ಸೋಮವಾರ ರಾತ್ರಿಯೂ 37 ಮಂದಿಗೆ ಎರಡು ಬಾರಿ ಕಡಿತವಾಗಿದ್ದು ಕಂಡಿತು ಎನ್ನೋಣ. ಆ ಸಂಗತಿಯನ್ನು ತಾಂತ್ರಿಕ ವಿವರದ ಕೊನೆಯಲ್ಲಿ ಸೇರಿಸಿ ಸುಮ್ಮನಾಗುವಂತಿಲ್ಲ. ಬದಲಾದದ್ದು ಏನೆಂದು ಮೊದಲ ಸಾಲೇ ಹೇಳಬೇಕು: ‘ನಿನ್ನೆ 1,860 ಎಂದಿದ್ದೆವು, ಈಗ 1,897. ಸೋಮವಾರದ 37 ಮಂದಿ ಸೇರಿದ್ದಾರೆ, ಹೆಚ್ಚುವರಿ ಮೊತ್ತ 2,590 ರೂಪಾಯಿ. ಅದಕ್ಕಿಂತ ಹಿಂದಿನ 30 ದಿನ ಪರಿಶೀಲಿಸಿದ್ದೇವೆ, ಬೇರೆ ಪ್ರಕರಣ ಇಲ್ಲ. ಈ 37 ಮಂದಿಗೂ ಹಣ ವಾಪಸ್ ಹಾಕಲು ಒಪ್ಪಿಗೆ ಬೇಕು.’ ಬ್ಯಾಕಪ್ ಆ ರಾತ್ರಿ ಚಿಕ್ಕದಿದ್ದುದರಿಂದ ಸಂಖ್ಯೆ ಕಡಿಮೆ ಎಂಬ ಕಾರಣ ನಡುವಿನ ಪದರಕ್ಕೆ, ಆ ರಾತ್ರಿಯ ಪ್ರತಿಕ್ರಿಯೆಯ ಸಮಯಗಳು ತಳಕ್ಕೆ.